ದಾರ ಕಟ್ಟಿದ ಒಂದು ನರ, ಅರವತ್ತು ಸೆಕೆಂಡು ಮತ್ತು ಅದರ ಕೀ

ಅಂಗರಚನಾಶಾಸ್ತ್ರದ ಸ್ಪಾಟ್ ಟೆಸ್ಟ್ ನೋಡುವುದಕ್ಕೆ ಸರಳವಾದ ಪರೀಕ್ಷೆ. ಮೇಜುಗಳ ಮೇಲೆ ಸ್ಪೆಸಿಮೆನ್‌ಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಪ್ರತಿಯೊಂದರಲ್ಲೂ ಯಾವುದಾದರೂ ಒಂದು ರಚನೆಗೆ ದಾರ ಕಟ್ಟಿ ಅಥವಾ ಪುಟ್ಟ ಬಾವುಟವಿರುವ ಗುಂಡುಸೂಜಿ ಚುಚ್ಚಿ ಸಂಖ್ಯೆಯ ಟ್ಯಾಗ್ ಹಾಕಿರುತ್ತಾರೆ, ಪಕ್ಕದಲ್ಲಿ ಎರಡು ಮೂರು ಚಿಕ್ಕ ಪ್ರಶ್ನೆಗಳ ಹಾಳೆಯೊಂದು ಇರುತ್ತದೆ. ಗಂಟೆ ಬಾರಿಸಿದಾಗ ವಿದ್ಯಾರ್ಥಿ ನಿಂತ ಜಾಗದಲ್ಲಿ ನೋಡಿ ಬರೆಯಬೇಕು, ಒಂದು ನಿಮಿಷದ ನಂತರ ಮತ್ತೆ ಗಂಟೆಯಾದಾಗ ಮುಂದಿನ ಸ್ಪಾಟ್‌ಗೆ ಸರಿಯಬೇಕು, ಹಿಂದಿನದಕ್ಕೆ ಮರಳುವಂತಿಲ್ಲ. ಆದರೆ ಆ ಒಂದು ನಿಮಿಷದೊಳಗೆ ಏನೇನು ನಡೆಯಬೇಕು ಎಂಬುದೂ, ಅದರ ಉತ್ತರವನ್ನು ತೂಗುವ ಕೀ ಹೇಗೆ ಸಿದ್ಧವಾಗಬೇಕು ಎಂಬುದೂ ಹೊರಗಿನಿಂದ ಕಾಣಿಸುವುದಿಲ್ಲ. ಅದನ್ನು ಬಿಡಿಸಿ ನೋಡಲು ಇಪ್ಪತ್ತು ಸ್ಪಾಟ್‌ಗಳ ಮೇಲೆ ಕಣ್ಣಾಡಿಸುವುದಕ್ಕಿಂತ ಒಂದೇ ಸ್ಪಾಟ್‌ನ ಮುಂದೆ ನಿಲ್ಲುವುದು ಮೇಲು.

ಏಳನೆಯ ಸ್ಪಾಟ್ ಎಂದಿಟ್ಟುಕೊಳ್ಳೋಣ. ತೋಳಿನ ನಡುವಿನಿಂದ ಮುಂದೋಳಿನ ನಡುವಿನವರೆಗೆ ಕತ್ತರಿಸಿದ ಒಂದು ತುಂಡನ್ನು ಮುಂಭಾಗ ಮೇಲಾಗುವಂತೆ, ತೋಳಿನ ಕಡೆ ವಿದ್ಯಾರ್ಥಿಯಿಂದ ದೂರಕ್ಕಿರುವಂತೆ ತಟ್ಟೆಯಲ್ಲಿ ಮಲಗಿಸಲಾಗಿದೆ. ಚರ್ಮ ಮತ್ತು ಕೊಬ್ಬನ್ನು ತೆಗೆದಿರುವುದರಿಂದ ಮೊಣಕೈಯ ಮುಂದಿನ ತ್ರಿಕೋನಾಕಾರದ ತಗ್ಗು, ಅಂದರೆ ಕ್ಯುಬಿಟಲ್ ಫೋಸಾ, ತೆರೆದು ಕಾಣುತ್ತಿದೆ. ಆ ತಗ್ಗಿನಲ್ಲಿ ಉದ್ದಕ್ಕೆ ಇಳಿಯುವ ಮೂರು ಹುರಿಗಳಿವೆ, ಅವುಗಳಲ್ಲಿ ಒಂದಕ್ಕೆ ಬಿಳಿ ದಾರ ಕಟ್ಟಲಾಗಿದೆ. ಪ್ರಶ್ನೆಗಳು ಮೂರು: ದಾರ ಕಟ್ಟಿದ ರಚನೆಯನ್ನು ಯಾವ ಪಾರ್ಶ್ವದ್ದೆಂಬುದರ ಸಹಿತ ಹೆಸರಿಸಿ, ಈ ರಚನೆ ಯಾವ ಸ್ನಾಯುವಿನ ಎರಡು ತಲೆಗಳ ನಡುವೆ ಹಾದು ಮುಂದೋಳನ್ನು ಸೇರುತ್ತದೆ, ಈ ರಚನೆಗೆ ಮೊಣಕೈಯ ಮಟ್ಟದಲ್ಲಿ ಪೆಟ್ಟಾದ ವ್ಯಕ್ತಿಗೆ ಮುಷ್ಟಿ ಕಟ್ಟಲು ಹೇಳಿದರೆ ಯಾವ ಬೆರಳುಗಳು ಮಡಚಲಾರವು. ಒಂದೊಂದಕ್ಕೆ ಒಂದು ಅಂಕ.

ದಾರದ ಮೇಲೆ ಮೊದಲು ಕಣ್ಣು ಹಾಯಿಸುವುದೇ ಬಹುಪಾಲು ವಿದ್ಯಾರ್ಥಿಗಳು ಮಾಡುವ ತಪ್ಪು. ಸಂರಕ್ಷಿಸಿದ ದೇಹದಲ್ಲಿ ಚಿತ್ರಪಟದ ಬಣ್ಣಗಳಿರುವುದಿಲ್ಲ. ಅಪಧಮನಿ ಕೆಂಪಗೂ ನರ ಹಳದಿಯಾಗಿಯೂ ಕಾಣುವುದು ಪುಸ್ತಕದಲ್ಲಿ ಮಾತ್ರ, ಇಲ್ಲಿ ಎಲ್ಲವೂ ಬೂದುಕಂದು. ಆದ್ದರಿಂದ ದಾರದೊಳಗಿನ ಒಂದು ಅಂಗುಲವನ್ನೇ ದಿಟ್ಟಿಸುತ್ತ ನಿಂತವರಿಗೆ ಅದು ನರವೂ ಆಗಬಹುದು, ಅಪಧಮನಿಯೂ ಆಗಬಹುದು, ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್ ಕೂಡ ಆಗಬಹುದು. ಮೊದಲ ಹತ್ತು ಹನ್ನೆರಡು ಸೆಕೆಂಡುಗಳನ್ನು ಇಡೀ ತುಂಡಿಗೆ ಕೊಡಬೇಕು: ಇದು ದೇಹದ ಯಾವ ಭಾಗ, ಮೇಲಿನ ತುದಿ ಯಾವುದು, ಮುಂಭಾಗ ಯಾವುದು, ಒಳಬದಿ ಯಾವುದು. ಒಳಬದಿ ಎಂದರೆ ದೇಹದ ನಡುಗೆರೆಯ ಕಡೆಗಿರುವುದು, ಹೊರಬದಿ ಎಂದರೆ ಅದರಿಂದ ದೂರಕ್ಕಿರುವುದು. ಈ ಎರಡು ಗೊತ್ತಾಗದೆ ಮುಂದಿನ ಯಾವ ನಿರ್ಧಾರವೂ ನಿಲ್ಲುವುದಿಲ್ಲ.

ಅಂಗೈ ಇದ್ದಿದ್ದರೆ ಹೆಬ್ಬೆರಳು ಹೊರಬದಿಯನ್ನು ಹೇಳಿಬಿಡುತ್ತಿತ್ತು. ಸ್ಪಾಟ್ ಇಡುವವರು ಅದಕ್ಕೇ ಅಂಗೈ ಇಲ್ಲದ ತುಂಡನ್ನು ಆರಿಸಿದ್ದಾರೆ. ಆದರೂ ಸುಳಿವುಗಳಿಗೆ ಕೊರತೆಯಿಲ್ಲ. ತೋಳೆಲುಬಿನ ಕೆಳತುದಿಯ ಎರಡು ಉಬ್ಬುಗಳಲ್ಲಿ ಒಳಬದಿಯದು ಹೆಚ್ಚು ಎದ್ದು ಕಾಣುತ್ತದೆ, ಮಣಿಕಟ್ಟನ್ನು ಮಡಚುವ ಸ್ನಾಯುಗಳ ಗುಂಪು ಅಲ್ಲಿಂದ ಹೊರಟು ಓರೆಯಾಗಿ ಕೆಳಗಿಳಿಯುತ್ತದೆ. ಎದುರು ಬದಿಯಲ್ಲಿ ಬ್ರೇಕಿಯೋರೇಡಿಯಾಲಿಸ್ ಎಂಬ ಉದ್ದನೆಯ ಸ್ನಾಯು ಉಬ್ಬಿಗಿಂತಲೂ ಸಾಕಷ್ಟು ಮೇಲಿನಿಂದಲೇ ಆರಂಭವಾಗಿ ಹೊರ ಅಂಚನ್ನು ಕಟ್ಟುತ್ತದೆ. ಇವೆರಡಕ್ಕಿಂತ ಬೇಗ ಕಣ್ಣಿಗೆ ಬೀಳುವ ಇನ್ನೊಂದು ಸುಳಿವು ಬೈಸೆಪ್ಸ್‌ನಿಂದ ಸಿಗುತ್ತದೆ. ಆ ಸ್ನಾಯುವಿನ ಗಟ್ಟಿ ಟೆಂಡನ್ ತಗ್ಗಿನ ಆಳಕ್ಕೆ ಇಳಿದು ರೇಡಿಯಸ್ ಮೂಳೆಯನ್ನು ಸೇರಿದರೆ, ಅದರಿಂದ ಕವಲೊಡೆದ ತೆಳು ಹಾಳೆಯಂಥ ಪಟ್ಟಿ, ಅಂದರೆ ಬೈಸಿಪಿಟಲ್ ಅಪೋನ್ಯುರೋಸಿಸ್, ಯಾವಾಗಲೂ ಒಳಬದಿಗೆ ಹರಡುತ್ತದೆ. ಡಿಸೆಕ್ಷನ್ ಮಾಡುವಾಗ ಅದನ್ನು ಕತ್ತರಿಸಿದ್ದರೂ ಮಡಚಿದ ತುಣುಕು ಟೆಂಡನ್‌ಗೆ ಅಂಟಿಕೊಂಡು ಉಳಿದಿರುತ್ತದೆ. ನಮ್ಮ ತುಂಡಿನಲ್ಲಿ ಆ ಹಾಳೆ ನೋಡುವವನ ಬಲಗಡೆಗೆ ಹೋಗಿದೆ. ಎದುರಿಗೆ ನಿಂತ ವ್ಯಕ್ತಿಯ ಬಲಗೈ ನಮ್ಮ ಎಡಗಡೆಗಿರುತ್ತದೆ, ಅದರ ಒಳಬದಿ ನಮ್ಮ ಬಲಕ್ಕಿರುತ್ತದೆ. ಹಾಗಾಗಿ ಇದು ಬಲಗೈ. ಪಾರ್ಶ್ವ ಹೇಳುವಾಗ ತಮ್ಮದೇ ಕೈಯನ್ನು ಅದೇ ಭಂಗಿಯಲ್ಲಿ ಚಾಚಿ ಹೋಲಿಸಿ ನೋಡುವ ವಿದ್ಯಾರ್ಥಿಗಳನ್ನು ಕಂಡು ಕೆಲವರು ನಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಎರಡು ಸೆಕೆಂಡಿನಲ್ಲಿ ಮುಗಿಯುವ ಅತ್ಯಂತ ವಿಶ್ವಾಸಾರ್ಹ ತಾಳೆ.

ಈಗ ದಾರದ ಕಡೆಗೆ ಬರಬಹುದು. ಮೂರು ಹುರಿಗಳು ಹೊರಬದಿಯಿಂದ ಒಳಬದಿಗೆ ಒಂದು ನಿಶ್ಚಿತ ಕ್ರಮದಲ್ಲಿರುತ್ತವೆ: ಮೊದಲು ಬೈಸೆಪ್ಸ್ ಟೆಂಡನ್, ನಂತರ ಬ್ರೇಕಿಯಲ್ ಅಪಧಮನಿ, ಕೊನೆಗೆ ಮೀಡಿಯನ್ ನರ. ದಾರ ಇರುವುದು ಮೂರನೆಯದಕ್ಕೆ, ಅಂದರೆ ಅತ್ಯಂತ ಒಳಬದಿಯದಕ್ಕೆ. ಕ್ರಮವೊಂದನ್ನೇ ನಂಬಿ ಬರೆದುಬಿಡುವುದು ಅಪಾಯ, ಏಕೆಂದರೆ ಡಿಸೆಕ್ಷನ್‌ನಲ್ಲಿ ಸಡಿಲಗೊಂಡ ಹುರಿಗಳು ಪಕ್ಕಕ್ಕೆ ಸರಿದಿರಬಹುದು. ಆದ್ದರಿಂದ ಕ್ರಮ ಹೇಳಿದ್ದನ್ನು ರಚನೆಯ ಸ್ವರೂಪದಿಂದ ಖಚಿತಪಡಿಸಿಕೊಳ್ಳಬೇಕು, ಅದಕ್ಕೆ ಹುರಿಯನ್ನು ಎರಡೂ ದಿಕ್ಕಿಗೆ ಹಿಂಬಾಲಿಸಬೇಕು. ಟೆಂಡನ್ ಆಗಿದ್ದರೆ ಅದು ಹೊಳೆಯುತ್ತದೆ, ಮೇಲಕ್ಕೆ ಹೋದಂತೆ ಮಾಂಸದೊಳಗೆ ಬೆರೆಯುತ್ತದೆ. ನರ ಎಂದೂ ಮಾಂಸವಾಗಿ ಬದಲಾಗುವುದಿಲ್ಲ. ಅಪಧಮನಿಯಾಗಿದ್ದರೆ ತುಂಡಿನ ಮೇಲಿನ ಕತ್ತರಿಸಿದ ತುದಿಯಲ್ಲಿ ದಪ್ಪ ಗೋಡೆಯ ದುಂಡು ರಂಧ್ರ ತೆರೆದೇ ಇರುತ್ತದೆ, ಅದಕ್ಕೆ ಅಂಟಿಕೊಂಡಂತೆ ತೆಳು ಗೋಡೆಯ, ಕುಸಿದ, ಹೆಪ್ಪುಗಟ್ಟಿದ ರಕ್ತದಿಂದ ಕಪ್ಪಾದ ಜೊತೆ ಅಭಿಧಮನಿಗಳು ಕಾಣಬಹುದು. ನರದ ಕತ್ತರಿಸಿದ ತುದಿಯಲ್ಲಿ ರಂಧ್ರವಿರುವುದಿಲ್ಲ. ಅದು ಒಳಗೂ ಗಟ್ಟಿ, ಸೂಕ್ಷ್ಮವಾಗಿ ನೋಡಿದರೆ ಬಿಡಿ ಎಳೆಗಳ ಕಂತೆ ಚುಕ್ಕೆಚುಕ್ಕೆಯಾಗಿ ಕಾಣುತ್ತದೆ, ಮೇಲ್ಮೈಯಲ್ಲಿಯೂ ಉದ್ದುದ್ದ ಗೀರುಗಳಿರುತ್ತವೆ. ಕವಲುಗಳನ್ನು ನೋಡುವುದೂ ಉಪಯುಕ್ತ: ಮೊಣಕೈಯ ಮಟ್ಟದಲ್ಲಿ ಮೀಡಿಯನ್ ನರದ ಸ್ನಾಯು ಕವಲುಗಳು ಬಹುತೇಕ ಒಳಬದಿಯಿಂದಲೇ ಹೊರಟು ಮಡಚುವ ಸ್ನಾಯುಗಳ ಗುಂಪಿಗೆ ಹೋಗುತ್ತವೆ. ದಾರ ಕಟ್ಟಿದ ಹುರಿಯಿಂದ ಅಂಥ ಎರಡು ಸಣ್ಣ ಎಳೆಗಳು ಬಲಗಡೆಗೆ ಹೊರಟಿರುವುದು ಕಂಡರೆ ಸಂದೇಹಕ್ಕೆ ಹೆಚ್ಚು ಎಡೆಯಿಲ್ಲ.

ಇಲ್ಲಿ ಬೀಳುವ ಅತಿ ಸಾಮಾನ್ಯವಾದ ತಪ್ಪು ಉತ್ತರ ಅಲ್ನಾರ್ ನರ. ಅದಕ್ಕೊಂದು ಕಾರಣವಿದೆ: ಒಳಬದಿಯ ನರ ಎಂದರೆ ಅಲ್ನಾರ್ ಎಂಬ ಸಮೀಕರಣವನ್ನು ವಿದ್ಯಾರ್ಥಿ ಮುಂದೋಳಿನ ಪಾಠದಿಂದ ಹೊತ್ತು ತಂದಿರುತ್ತಾನೆ. ಆದರೆ ಅಲ್ನಾರ್ ನರ ಈ ತಗ್ಗಿನೊಳಗೆ ಇಳಿಯುವುದೇ ಇಲ್ಲ. ಒಳ ಉಬ್ಬಿನ ಹಿಂದೆ, ಮೂಳೆಗೆ ತಾಗಿಕೊಂಡು ಅದು ಸಾಗುತ್ತದೆ. ಮೊಣಕೈ ಎಲ್ಲಿಗಾದರೂ ತಗುಲಿದಾಗ ಕಿರುಬೆರಳಿನವರೆಗೆ ಜುಂ ಎನ್ನುವ ಅನುಭವ ಬರುವುದು ಅದು ಅಲ್ಲಿ ಚರ್ಮದಡಿಯಲ್ಲೇ ಇರುವುದರಿಂದ. ಉಬ್ಬಿನ ಮುಂದಿದೆಯೋ ಹಿಂದಿದೆಯೋ ಎಂಬ ಒಂದು ನೋಟ ಈ ಎರಡನ್ನು ಬೇರ್ಪಡಿಸುತ್ತದೆ.

ಇಷ್ಟೆಲ್ಲ ಓದಲು ಹಿಡಿದ ಹೊತ್ತು ನೋಡುವಾಗ ಹಿಡಿಯುವುದಿಲ್ಲ. ದಿಕ್ಕು ಮತ್ತು ಪಾರ್ಶ್ವಕ್ಕೆ ಇಪ್ಪತ್ತು ಸೆಕೆಂಡು, ಹುರಿಯನ್ನು ಹಿಂಬಾಲಿಸಲು ಹದಿನೈದು, ಬರೆಯಲು ಉಳಿದ ಇಪ್ಪತ್ತೈದು ಎಂಬ ಹಂಚಿಕೆ ಸಾಧ್ಯವಾದದ್ದೇ. ಬರೆಯುವುದಕ್ಕೆ ಸಮಯ ಉಳಿಸದವರು ಗೊತ್ತಿದ್ದ ಉತ್ತರವನ್ನೂ ಅರ್ಧಕ್ಕೆ ಬಿಟ್ಟು ಹೋಗುತ್ತಾರೆ. ‘ಮೀಡಿಯನ್’ ಎಂದು ಬರೆದು ‘ನರ, ಬಲ’ ಎಂಬುದನ್ನು ಗಂಟೆ ನುಂಗಿಬಿಡುತ್ತದೆ.

ಈಗ ಮೇಜಿನ ಇನ್ನೊಂದು ಬದಿಗೆ, ಕೀ ಬರೆಯುವವರ ಕಡೆಗೆ ಹೋಗೋಣ. ಮೊದಲ ಪ್ರಶ್ನೆಯ ಕೀಯಲ್ಲಿ ‘ಬಲ ಮೀಡಿಯನ್ ನರ’ ಎಂದಷ್ಟೇ ಬರೆದರೆ ಕೀ ಪೂರ್ಣವಾಗುವುದಿಲ್ಲ. ಪಾರ್ಶ್ವ ಬರೆಯದವನಿಗೆ ಎಷ್ಟು, ಹೆಸರು ಸರಿಯಾಗಿ ಪಾರ್ಶ್ವ ತಪ್ಪಿದವನಿಗೆ ಎಷ್ಟು, ‘ಮುಂದೋಳಿನ ನರ’ ಎಂದವನಿಗೆ ಎಷ್ಟು ಎಂಬುದನ್ನು ಮೌಲ್ಯಮಾಪನ ಶುರುವಾಗುವ ಮುನ್ನವೇ ಬರೆದಿಡಬೇಕು, ಇಲ್ಲದಿದ್ದರೆ ಇಬ್ಬರು ಪರೀಕ್ಷಕರು ಒಂದೇ ಉತ್ತರಕ್ಕೆ ಬೇರೆ ಬೇರೆ ಅಂಕ ಕೊಡುತ್ತಾರೆ. ಹೆಸರಿಗೆ ಅರ್ಧ, ಪಾರ್ಶ್ವಕ್ಕೆ ಅರ್ಧ, ಹೆಸರು ತಪ್ಪಿದ್ದರೆ ಪಾರ್ಶ್ವಕ್ಕೆ ಅಂಕವಿಲ್ಲ ಎಂಬುದು ಒಂದು ಸರಳ ನಿಯಮ. ಕೊನೆಯ ಷರತ್ತು ಏಕೆಂದರೆ ಪಾರ್ಶ್ವವನ್ನು ಕಣ್ಣುಮುಚ್ಚಿ ಊಹಿಸಿದರೂ ಎರಡರಲ್ಲೊಂದು ಸಲ ಸರಿಯಾಗುತ್ತದೆ.

ಮೂರನೆಯ ಪ್ರಶ್ನೆಯ ಕೀ ಇನ್ನಷ್ಟು ಎಚ್ಚರ ಬೇಡುತ್ತದೆ. ಮೊಣಕೈಯ ಮಟ್ಟದಲ್ಲಿ ಮೀಡಿಯನ್ ನರ ಕೆಟ್ಟಾಗ ಮುಷ್ಟಿ ಕಟ್ಟಲು ಹೇಳಿದರೆ ತೋರುಬೆರಳು ಮಡಚುವುದಿಲ್ಲ, ಹೆಬ್ಬೆರಳಿನ ತುದಿಯ ಗಂಟು ಮಡಚುವುದಿಲ್ಲ. ಉಂಗುರ ಬೆರಳು ಮತ್ತು ಕಿರುಬೆರಳನ್ನು ಮಡಚುವ ಆಳದ ಸ್ನಾಯುಭಾಗಕ್ಕೆ ಅಲ್ನಾರ್ ನರ ಇರುವುದರಿಂದ ಅವು ಮಡಚುತ್ತವೆ. ನಡುಬೆರಳಿನ ವಿಷಯ ಅಷ್ಟು ಖಚಿತವಲ್ಲ. ಆಳದ ಮಡಚು ಸ್ನಾಯುವಿನ ಪಕ್ಕದ ಭಾಗದಿಂದ ಅದಕ್ಕೆ ಒಂದಿಷ್ಟು ನೆರವು ಸಿಗುವುದುಂಟು, ಆಗ ಅದು ದುರ್ಬಲವಾಗಿಯಾದರೂ ಮಡಚೀತು. ಹೀಗಿರುವಾಗ ‘ಹೆಬ್ಬೆರಳು, ತೋರುಬೆರಳು, ನಡುಬೆರಳು’ ಎಂದು ಮೂರನ್ನೂ ಕಡ್ಡಾಯ ಮಾಡುವ ಕೀ, ಹೆಚ್ಚು ತಿಳಿದ ವಿದ್ಯಾರ್ಥಿಗೇ ಶಿಕ್ಷೆ ಕೊಡುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿಗೆ ಪೂರ್ಣ ಅಂಕ, ನಡುಬೆರಳು ಸೇರಿಸಿದರೂ ಸೇರಿಸದಿದ್ದರೂ ಸರಿ, ಉಂಗುರ ಬೆರಳನ್ನೋ ಕಿರುಬೆರಳನ್ನೋ ಸೇರಿಸಿದರೆ ಸೊನ್ನೆ ಎಂದು ಬರೆದ ಕೀ ನ್ಯಾಯವಾಗಿ ನಡೆದುಕೊಳ್ಳುತ್ತದೆ.

ಆದರೆ ಈ ಸ್ಪಾಟ್‌ನ ನಿಜವಾದ ದೋಷ ಕೀಯಲ್ಲಿಲ್ಲ, ಪ್ರಶ್ನೆಗಳ ಜೋಡಣೆಯಲ್ಲಿದೆ. ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳು ಮೊದಲನೆಯದರ ಹೆಗಲ ಮೇಲೆ ಕುಳಿತಿವೆ. ಹುರಿಯನ್ನು ಬ್ರೇಕಿಯಲ್ ಅಪಧಮನಿ ಎಂದು ತಪ್ಪಾಗಿ ಗುರುತಿಸಿದವನು ಒಂದು ತಪ್ಪಿಗೆ ಮೂರು ಅಂಕ ಕಳೆದುಕೊಳ್ಳುತ್ತಾನೆ, ಪ್ರೊನೇಟರ್ ಟೆರೀಸ್ ಸ್ನಾಯುವಿನ ಎರಡು ತಲೆಗಳ ನಡುವೆ ಮೀಡಿಯನ್ ನರ ಹಾದುಹೋಗುತ್ತದೆ ಎಂಬುದು ಅವನಿಗೆ ಬಾಯಿಪಾಠವಾಗಿದ್ದರೂ ಅದನ್ನು ಹೇಳಲು ಅವಕಾಶವೇ ಸಿಗುವುದಿಲ್ಲ. ಮೊದಲ ಉತ್ತರ ತಪ್ಪಿದ್ದರೂ ಅದಕ್ಕೆ ಹೊಂದುವ ಮುಂದಿನ ಉತ್ತರಕ್ಕೆ ಅಂಕ ಕೊಡಬೇಕೆಂದು ಕೆಲವರು ವಾದಿಸುತ್ತಾರೆ. ಹಾಗೆ ಮಾಡಿದರೆ ಪ್ರತಿ ತಪ್ಪು ಉತ್ತರಕ್ಕೂ ಒಂದೊಂದು ಉಪ-ಕೀ ಬೇಕಾಗುತ್ತದೆ. ಅದಕ್ಕಿಂತ ಎರಡನೆಯ ಪ್ರಶ್ನೆಯನ್ನೇ ತಿರುಗಿಸಿ, ಈ ತಗ್ಗಿನ ಒಳ ಅಂಚನ್ನು ರೂಪಿಸುವ ಸ್ನಾಯು ಯಾವುದು ಎಂದು ಕೇಳುವುದು ಸುಲಭ. ಉತ್ತರ ಅದೇ ಪ್ರೊನೇಟರ್ ಟೆರೀಸ್, ಆದರೆ ಈಗ ಅದು ದಾರ ಕಟ್ಟಿದ ಹುರಿಯನ್ನು ಗುರುತಿಸುವುದರ ಮೇಲೆ ಅವಲಂಬಿತವಾಗಿಲ್ಲ. ಮೂರನೆಯದನ್ನು ಹಾಗೆಯೇ ಉಳಿಸಿಕೊಳ್ಳಬಹುದು. ಅನ್ವಯದ ಪ್ರಶ್ನೆ ಗುರುತಿಸುವಿಕೆಗೆ ಜೋತುಬೀಳುವುದು ಸಹಜ. ಅದರಲ್ಲಿ ‘ಈ ನರಕ್ಕೆ’ ಎಂದು ಬರೆಯದೆ ‘ಈ ರಚನೆಗೆ’ ಎಂದು ಬರೆಯಬೇಕು ಎಂಬುದನ್ನು ಮಾತ್ರ ಮರೆಯಬಾರದು, ಏಕೆಂದರೆ ಆ ಒಂದು ಪದ ಮೊದಲ ಪ್ರಶ್ನೆಯ ಅರ್ಧ ಉತ್ತರವನ್ನು ಹೇಳಿಕೊಟ್ಟುಬಿಡುತ್ತದೆ. ಹಾಗೆಯೇ ಕೆಂಪು ದಾರವನ್ನು ನರಕ್ಕೆ ಕಟ್ಟಿದರೆ ಅಪಧಮನಿ ಎಂಬ ತಪ್ಪು ಸುಳಿವು ಸಿಗುತ್ತದೆ. ಎಲ್ಲ ಸ್ಪಾಟ್‌ಗಳಿಗೂ ಒಂದೇ ಬಣ್ಣದ ದಾರ ಬಳಸುವುದು ಉತ್ತಮ.

ದಾರದ ಬಗ್ಗೆ ಇನ್ನೂ ಹೇಳಬೇಕಾದದ್ದಿದೆ. ಹುರಿಯಂಥ ರಚನೆಗೆ ದಾರವೇ ಸರಿಯಾದ ಟ್ಯಾಗ್. ಗುಂಡುಸೂಜಿಯಾದರೆ ಅದು ನರವನ್ನು ದಾಟಿ ಕೆಳಗಿನ ಬ್ರೇಕಿಯಾಲಿಸ್ ಸ್ನಾಯುವಿಗೆ ಚುಚ್ಚಿಕೊಳ್ಳುತ್ತದೆ, ಆಗ ಕೇಳಿರುವುದು ಮೇಲಿನದನ್ನೋ ಕೆಳಗಿನದನ್ನೋ ಎಂಬ ನ್ಯಾಯವಾದ ಅನುಮಾನ ಹುಟ್ಟುತ್ತದೆ. ಸೂಜಿ ಅಗಲವಾದ ಸ್ನಾಯುವಿನ ಮೈಗೆ, ಮೂಳೆಯ ರಂಧ್ರಕ್ಕೆ ಅದರೊಳಗೆ ತೂರಿಸಿದ ತಂತಿ ಒಪ್ಪುತ್ತವೆ. ಆದರೆ ದಾರಕ್ಕೂ ಒಂದು ದುರ್ಗುಣವಿದೆ, ಅದು ಜಾರುತ್ತದೆ. ಒದ್ದೆಯಾದ ನರದ ಮೇಲೆ ಸಡಿಲವಾಗಿ ಕಟ್ಟಿದ ಗಂಟು, ಹತ್ತಾರು ಜನ ಟ್ಯಾಗ್ ತಿರುಗಿಸಿ ಸಂಖ್ಯೆ ನೋಡುವಷ್ಟರಲ್ಲಿ, ಮೇಲಕ್ಕೋ ಕೆಳಕ್ಕೋ ಕೆಲವು ಸೆಂಟಿಮೀಟರ್ ಸರಿದುಹೋಗುತ್ತದೆ.

ಸರಿದರೇನಂತೆ, ನರ ಅದೇ ತಾನೆ ಎಂದು ಅನ್ನಿಸಬಹುದು. ಹೆಸರು ಕೇಳುವ ಪ್ರಶ್ನೆಗೆ ಅದು ನಿಜ. ‘ಟ್ಯಾಗ್ ಇರುವಲ್ಲಿ ಈ ರಚನೆ ಬ್ರೇಕಿಯಲ್ ಅಪಧಮನಿಯ ಯಾವ ಬದಿಗಿದೆ’ ಎಂದು ಕೇಳಿದ್ದರೆ ಮಾತು ಬೇರೆ. ಮೀಡಿಯನ್ ನರ ತೋಳಿನ ಮೇಲ್ಭಾಗದಲ್ಲಿ ಅಪಧಮನಿಯ ಹೊರಬದಿಗಿರುತ್ತದೆ, ತೋಳಿನ ನಡುಮಟ್ಟದಲ್ಲಿ, ಸಾಮಾನ್ಯವಾಗಿ ಅಪಧಮನಿಯ ಮುಂದಿನಿಂದ, ಅಡ್ಡ ಹಾಯುತ್ತದೆ, ಮೊಣಕೈಗೆ ಬರುವಷ್ಟರಲ್ಲಿ ಒಳಬದಿಗೆ ಸೇರಿರುತ್ತದೆ. ನಮ್ಮ ತುಂಡು ಶುರುವಾಗುವುದೇ ತೋಳಿನ ನಡುವಿನಿಂದ. ದಾರ ಮೇಲಕ್ಕೆ ಸರಿದು ಕತ್ತರಿಸಿದ ತುದಿಯ ಹತ್ತಿರ ನಿಂತರೆ ಅಲ್ಲಿ ನರ ಅಪಧಮನಿಯ ಮುಂದಿರುತ್ತದೆ. ಕೀಯಲ್ಲಿ ‘ಒಳಬದಿ’ ಎಂದಿರುತ್ತದೆ. ಪರೀಕ್ಷೆಯ ಮೊದಲಾರ್ಧದಲ್ಲಿ ಬಂದವರು ಬರೆದದ್ದೂ ಕೊನೆಯಲ್ಲಿ ಬಂದವರು ಬರೆದದ್ದೂ ಬೇರೆ ಬೇರೆ, ಎರಡೂ ತಂಡಗಳು ತಾವು ಕಂಡದ್ದನ್ನೇ ಸರಿಯಾಗಿ ಬರೆದಿವೆ. ಆದುದರಿಂದ ಗಂಟನ್ನು ಬಿಗಿಯಾಗಿ ಎರಡು ಸುತ್ತು ಹಾಕಿ, ಟ್ಯಾಗ್‌ನ ಇನ್ನೊಂದು ತುದಿಯನ್ನು ಪಕ್ಕದ ಸ್ನಾಯುವಿಗೆ ಹೊಲಿದು ನಿಲ್ಲಿಸಬೇಕು, ಪ್ರತಿ ತಂಡ ಮುಗಿದ ಮೇಲೆ ಒಬ್ಬರು ಎಲ್ಲ ಟ್ಯಾಗ್‌ಗಳನ್ನೂ ಮೊದಲು ತೆಗೆದಿಟ್ಟ ಫೋಟೊದೊಂದಿಗೆ ತಾಳೆ ನೋಡಬೇಕು.

ಕೀಯನ್ನು ಪುಸ್ತಕ ನೋಡಿ ಬರೆಯಬಾರದು, ಸ್ಪೆಸಿಮೆನ್‌ನ ಪಕ್ಕದಲ್ಲಿ ನಿಂತು ಬರೆಯಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಇನ್ನೊಂದು ಕಾರಣ ದೇಹಗಳ ನಡುವಿನ ವ್ಯತ್ಯಾಸ. ಬ್ರೇಕಿಯಲ್ ಅಪಧಮನಿ ಸಾಮಾನ್ಯವಾಗಿ ಕ್ಯುಬಿಟಲ್ ಫೋಸಾದೊಳಗೆ ರೇಡಿಯಲ್ ಮತ್ತು ಅಲ್ನಾರ್ ಎಂಬ ಎರಡು ಅಪಧಮನಿಗಳಾಗಿ ಒಡೆಯುತ್ತದೆ. ಕೆಲವು ದೇಹಗಳಲ್ಲಿ ಆ ಒಡೆಯುವಿಕೆ ತೋಳಿನಲ್ಲೇ ಆಗಿರುತ್ತದೆ. ಅಂಥ ತುಂಡಿನಲ್ಲಿ ತಗ್ಗಿನೊಳಗೆ ಮೂರರ ಬದಲು ನಾಲ್ಕು ಹುರಿಗಳಿರುತ್ತವೆ, ಹೊರಬದಿಯಿಂದ ಎಣಿಸಿ ಮೂರನೆಯದು ನರ ಎಂದು ನಂಬಿದವನು ಎರಡನೆಯ ಅಪಧಮನಿಗೆ ನರದ ಹೆಸರು ಕೊಡುತ್ತಾನೆ. ಅಂಥ ತುಂಡನ್ನು ಕಲಿಸುವುದಕ್ಕೆ ಬಳಸಬೇಕು. ಮೊದಲ ವರ್ಷದವರ ಒಂದು ನಿಮಿಷದ ಸ್ಪಾಟ್‌ಗೆ ಇಡುವುದು ಅನ್ಯಾಯ.

ಪರೀಕ್ಷೆ ಮುಗಿದ ಮೇಲೆ ದೋಷ ಹಿಡಿಯುವುದು ಹೇಗೆ? ಒಟ್ಟು ಅಂಕಗಳನ್ನು ನೋಡಿದರೆ ತಿಳಿಯುವುದಿಲ್ಲ, ತಪ್ಪು ಉತ್ತರಗಳನ್ನೇ ಓದಬೇಕು. ಅರವತ್ತು ಜನರಲ್ಲಿ ಮೂವತ್ತು ಜನ ಏಳನೆಯ ಸ್ಪಾಟ್‌ನಲ್ಲಿ ಎಡವಿದ್ದಾರೆ ಎಂದುಕೊಳ್ಳಿ. ಅವರು ಅಲ್ನಾರ್ ನರ, ರೇಡಿಯಲ್ ನರ, ಅಪಧಮನಿ, ಟೆಂಡನ್ ಎಂದು ಚದುರಿದಂತೆ ಬರೆದಿದ್ದು, ಉಳಿದ ಸ್ಪಾಟ್‌ಗಳಲ್ಲೂ ಕಡಿಮೆ ಅಂಕ ಪಡೆದವರೇ ಆಗಿದ್ದರೆ ಸ್ಪಾಟ್ ಸರಿಯಾಗಿಯೇ ಕೆಲಸ ಮಾಡಿದೆ, ತಿಳಿಯದವರನ್ನು ಬೇರ್ಪಡಿಸಿದೆ. ಅದೇ ಮೂವತ್ತು ಜನರಲ್ಲಿ ಬೇರೆಲ್ಲ ಸ್ಪಾಟ್‌ಗಳಲ್ಲಿ ಮೇಲಿನ ಅಂಕ ಪಡೆದವರು ಹೆಚ್ಚಿದ್ದು, ಎಲ್ಲರೂ ಒಂದೇ ಮಾತು, ‘ಬ್ರೇಕಿಯಲ್ ಅಪಧಮನಿ’, ಎಂದು ಬರೆದಿದ್ದರೆ ಸಂಶಯ ಅವರ ಮೇಲಲ್ಲ, ದಾರದ ಮೇಲೆ ಬೀಳಬೇಕು. ದಾರ ಎರಡೂ ಹುರಿಗಳನ್ನು ಸೇರಿಸಿ ಕಟ್ಟಲ್ಪಟ್ಟಿದೆಯೇ ಎಂದು ಹೋಗಿ ನೋಡಬೇಕು. ಸ್ಪೆಸಿಮೆನ್‌ಗಳನ್ನು ಅಂಕ ಪ್ರಕಟವಾಗುವ ತನಕ ಟ್ಯಾಗ್ ಬಿಚ್ಚದೆ ಇಡುವುದು ಅದಕ್ಕಾಗಿಯೇ.

ಇನ್ನೊಂದು ಬಗೆಯ ತಪ್ಪಿಗೆ ಅಂಗರಚನೆಯ ಸಂಬಂಧವೇ ಇಲ್ಲ. ಇಪ್ಪತ್ತು ಸ್ಪಾಟ್‌ಗಳಿಗೆ ಇಪ್ಪತ್ತು ವಿದ್ಯಾರ್ಥಿಗಳು ಒಟ್ಟಿಗೆ ನಿಲ್ಲುವುದರಿಂದ ಒಬ್ಬನ ಆರಂಭ ಒಂದನೆಯದರಿಂದಾದರೆ ಇನ್ನೊಬ್ಬನದು ಹದಿಮೂರನೆಯದರಿಂದ ಆಗುತ್ತದೆ. ಹದಿಮೂರರಲ್ಲಿ ನಿಂತವನು ಗಾಬರಿಯಲ್ಲಿ ಉತ್ತರ ಪತ್ರಿಕೆಯ ಒಂದನೆಯ ಸಾಲಿನಿಂದ ಬರೆಯತೊಡಗಿದರೆ ಏಳನೆಯ ಸ್ಪಾಟ್‌ನ ಉತ್ತರ ಹದಿನೈದನೆಯ ಸಾಲಿಗೆ ಹೋಗಿ ಕೂರುತ್ತದೆ, ಕೀ ಹಿಡಿದು ತಿದ್ದಿದಾಗ ಇಡೀ ಪತ್ರಿಕೆ ಸೊನ್ನೆಯಾಗುತ್ತದೆ. ಇದರ ಗುರುತು ಸ್ಪಷ್ಟ: ಪ್ರತಿ ಉತ್ತರವೂ ಯಾವುದೋ ಒಂದು ಸ್ಪಾಟ್‌ಗೆ ಸರಿಯಾಗಿರುತ್ತದೆ, ಎಲ್ಲವೂ ಒಂದೇ ಅಂತರದಲ್ಲಿ ಸರಿದಿರುತ್ತವೆ. ಅಂಥ ಪತ್ರಿಕೆಯನ್ನು ಸರಿದ ಅಂತರ ಕಳೆದು ತಿದ್ದಬೇಕೋ ಬೇಡವೋ ಎಂಬುದನ್ನು ಆ ಹೊತ್ತಿನಲ್ಲಿ ಒಬ್ಬ ಪರೀಕ್ಷಕರು ತೀರ್ಮಾನಿಸುವಂತಾಗಬಾರದು, ಅದೂ ಕೀಯ ಮೊದಲ ಪುಟದಲ್ಲೇ ಇರಬೇಕು. ಮೊದಲ ಗಂಟೆಗೂ ಎರಡನೆಯ ಗಂಟೆಗೂ ನಡುವೆ ಮೇಲ್ವಿಚಾರಕರು ಒಂದು ಸುತ್ತು ಬಂದು, ಪ್ರತಿಯೊಬ್ಬರ ಲೇಖನಿ ತಾವು ನಿಂತ ಸ್ಪಾಟ್‌ನ ಸಂಖ್ಯೆಯ ಸಾಲಿನಲ್ಲೇ ಇದೆಯೇ ಎಂದು ನೋಡಿದರೆ ಈ ತೀರ್ಮಾನದ ಅಗತ್ಯವೇ ಬರುವುದಿಲ್ಲ.